ಮೋಡಕ್ಕೆ ಮಟ್ಟು ಹಾಕಿದ್ದು

ಮುಂಡರಗಿಯಲ್ಲಿ ಒಂದು ಸಂಜೆ ಸಭೆಗೆ ಸಭೆಯ ಮೇಲೇ ನಾನು ಉಗುಳಿಬಿಟ್ಟೆ. ಖುದ್ದಾಗಿ ಅಲ್ಲ ಮಾರಾಯರೆ, ಕವಿತೆಯ ಮುಖಾಂತರ. ಆದರೂ ಮುಂದಿನ ಸಾಲಿನಲ್ಲಿ ಕೂತ ಹಿರಿಯರೊಬ್ಬರು ಹೆಗಲ ಮೇಲಿನ ವಲ್ಲಿ ತೆಗೆದು ಮುಖ ಒರೆಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಸೆಕೆಗೆ ಒರೆಸಿಕೊಂಡರೋ, ನನ್ನ ಸಾಹಿತ್ಯಸೇವೆಗೆ ಒರೆಸಿಕೊಂಡರೋ, ಕೇಳುವ ಧೈರ್ಯವಾಗಲಿಲ್ಲ.

ಆದದ್ದು ಇಷ್ಟು. ಒಂದು ದೀಪಾವಳಿ ವಿಶೇಷಾಂಕದಲ್ಲಿ ನನ್ನದೊಂದು ಕವಿತೆ ಅಚ್ಚಾಗಿತ್ತು. ಮಳೆ ಬಾರದ ವರ್ಷದ ಕವಿತೆ. ನಮ್ಮ ಕಡೆ ಕವಿಗಳಿಗೆ ವಿಷಯದ ಬರ ಬಾರದಂತೆ ನೋಡಿಕೊಳ್ಳುವುದೇ ಮಳೆಯ ಬರ. ನಾಲ್ಕು ಸಾಲು ಹೀಗಿದ್ದವು:

ಕಪ್ಪತಗುಡ್ಡದ ಮೇಲೆ ಕರಿಮೋಡ ನಿಂತಿತ್ತು
ಕೇಳಿದೆವು ಎಲ್ಲರೂ ಇಳಿಯುವೆಯಾ ಎಂದು
ಅದು ಮಾತನಾಡದೆ ಮುಂಡರಗಿ ದಾಟಿತು
ಅಂಗಳದ ಕೊಡಪಾನ ಹಾಗೆಯೇ ಬಾಯ್ತೆರೆದಿತ್ತು

ಓದಲಿಕ್ಕೆ ಕೆಟ್ಟದ್ದೇನೂ ಅಲ್ಲ, ಹೌದಲ್ಲೋ? ಅದರಲ್ಲಿ ಮುಂಡರಗಿಯ ಹೆಸರು ಬಂದದ್ದೇ ಸಾಕಾಯಿತು, ಅಲ್ಲಿಯ ಕಾರ್ಯಕ್ರಮವೊಂದರಲ್ಲಿ ಹಾಡಿಸುತ್ತೇವೆ ಎಂದು ಕರೆಸಿದರು. ಕಾಲೇಜು ಕಲಿಯುವ ಹುಡುಗನೊಬ್ಬ, ಒಳ್ಳೆಯ ಕಂಠದವ, ಕವಿತೆಯನ್ನು ಅಚ್ಚಾದ ಹಾಗೆಯೇ ಎತ್ತಿಕೊಂಡು ಅದಕ್ಕೊಂದು ರಾಗ ಹಚ್ಚಿ ಹಾಡಿದ. ಮೊದಲ ಸಾಲಿನ ಕೊನೆಗೆ ಹೋಗಿ ತಾರಸಪ್ತಕದಲ್ಲಿ ನಿಂತ. ‘ನಿಂತಿ’ ಎಂಬಲ್ಲಿ ನಿಂತಿದ್ದರೆ ಬದುಕುತ್ತಿದ್ದೆ. ‘ತ್ತೂ’ ಎಂಬಲ್ಲಿ ನಿಂತ. ಮೈಕಿನ ಮುಂದೆ, ಪೂರಾ ಎಂಟು ಮಾತ್ರೆ, ‘ತ್ತೂ…’. ನಾಲ್ಕನೆಯ ಸಾಲಿಗೆ ಮತ್ತೊಮ್ಮೆ ‘ತ್ತೂ…’. ನಡುವೆ ‘ಕರಿಮೋಡ’ದ ‘ರಿ’ಯನ್ನು ಎಳೆದು ‘ಕರೀ ಮೋಡ’ ಮಾಡಿದ್ದರಿಂದ, ಕಪ್ಪು ಮೋಡ ಹೋಗಿ ಯಾರನ್ನೋ ಕರೆಯಲಿಕ್ಕೆ ಹೇಳಿದಂತಾಗಿತ್ತು. ಕನ್ನಡದಲ್ಲಿ ಹ್ರಸ್ವ ದೀರ್ಘ ಒಂದಕ್ಕೊಂದು ಜಾಗ ಬಿಟ್ಟುಕೊಡುವ ಸಂಬಂಧಿಕರಲ್ಲ. ಒಂದನ್ನೆಳೆದರೆ ಅರ್ಥವೇ ಬೇರೆ ಮನೆ ಸೇರುತ್ತದೆ.

ಹುಡುಗನ ತಪ್ಪು ಕೂದಲೆಳೆಯಷ್ಟೂ ಇರಲಿಲ್ಲ. ಅವನು ಹಾಡುಗಾರ, ನಿಲ್ಲಲಿಕ್ಕೆ ಜಾಗ ಹುಡುಕಿದ. ನಾನು ಕೊಟ್ಟ ಮನೆಯಲ್ಲಿ ಕುರ್ಚಿಯೇ ಇರಲಿಲ್ಲ.

ಮುಂದಿನ ಭಾನುವಾರ ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಪಂಚಾಯ್ತಿ ಕೂಡಿತು. ಶಿರಹಟ್ಟಿಯಿಂದ ಹಾರ್ಮೋನಿಯಂ ಮಾಸ್ತರು ಬಂದರು. ಲಕ್ಷ್ಮೇಶ್ವರದಿಂದ ತಬಲಾ ಹುಡುಗ ಬಂದ. ಮಾಸ್ತರು ಪೆಟ್ಟಿಗೆ ಬಿಚ್ಚುವ ಮೊದಲು ನನ್ನ ಕವಿತೆಯ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಮಡಚತೊಡಗಿದರು. ಕಿರಾಣಿ ಅಂಗಡಿಯವ ಉದ್ರಿ ಲೆಕ್ಕ ತೆಗೆದಂತಿತ್ತು.

“ಸರ, ಮೊದಲನೇದು ಇಪ್ಪತ್ತೊಂದು ಮಾತ್ರಿ. ಎರಡನೇದು ಹತ್ತೊಂಬತ್ತು. ಆಮ್ಯಾಲ ಹದಿನೆಂಟು. ಕಡೀದು ಇಪ್ಪತ್ತೆರಡು. ಹುಡುಗಗ ಕೆಹರವಾ ಬಾರಸ್ಲಿಕ್ಕೆ ಹೇಳಿದ್ರೆ ಎಂಟೆಂಟು ಮಾತ್ರಿ, ಎರಡ ಆವರ್ತಕ್ಕ ಹದಿನಾರು. ಉಳದದ್ದನ್ನ ಎಲ್ಲಿ ಇಡೂಣು, ಕಿಸೇದಾಗ?”

ಪಕ್ಕದ ಮನೆಯ ನೇಕಾರ ಕಾಕಾ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದವರು ಒಂದು ಮಾತು ಸೇರಿಸಿದರು: “ಹಣಿಗಿ ಹಲ್ಲ ಎಷ್ಟ ಅದಾವ ಅಷ್ಟ ಎಳಿ ಹಾಕಬೇಕ್ರಿ. ಒಂದ ಹಲ್ಲಾಗ ಮೂರ ಎಳಿ ತುರುಕಿದ್ರ ಸೀರಿ ಅಲ್ಲೇ ಗಂಟ ಬೀಳ್ತದ.” ಬೆಟಗೇರಿಯಲ್ಲಿ ಛಂದಸ್ಸಿನ ಪಾಠಕ್ಕೆ ಪುಸ್ತಕ ಬೇಕಾಗಿಲ್ಲ, ಮಗ್ಗ ಸಾಕು.

ಮಾತ್ರೆಯ ಲೆಕ್ಕ ನಿಮಗೆ ಶಾಲೆಯಲ್ಲಿ ಮೇಷ್ಟರು ಬೆತ್ತ ಹಿಡಿದು ಕಲಿಸಿದ್ದೇ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನದಕ್ಕೂ ಅನುಸ್ವಾರ ಇದ್ದದ್ದಕ್ಕೂ ಎರಡು. ಓದುವ ಕವಿತೆಗೆ ಇದರ ಹಂಗಿಲ್ಲ. ಕಣ್ಣು ಎಲ್ಲಿ ಬೇಕಾದರೂ ನಿಂತು ಹೊರಡುತ್ತದೆ. ತಬಲಾ ಮಾತ್ರ ನಿಲ್ಲುವುದಿಲ್ಲ. ನೀವು ಹತ್ತದಿದ್ದರೂ ಹೊರಡುವ ಬಸ್ಸು ಅದು.

ಆದರೆ ಮಾಸ್ತರಿಗೆ ಲೆಕ್ಕಕ್ಕಿಂತ ದೊಡ್ಡ ತಕರಾರು ನನ್ನ ಸಾಲಿನ ತುದಿಗಳ ಬಗ್ಗೆ ಇತ್ತು. ‘ತ್ತು, ದು, ತು, ತ್ತು’ ಎಂದು ನಾಲ್ಕನ್ನೂ ಓದಿ, ಬಾಯಿ ಮುಚ್ಚಿ ತೋರಿಸಿದರು. ‘ಉ’ ಅನ್ನಲಿಕ್ಕೆ ತುಟಿ ಚೂಪಾಗಬೇಕು. ತುಟಿ ಚೂಪಾದಲ್ಲಿ ದನಿ ಸಣ್ಣದಾಗುತ್ತದೆ. ಎತ್ತರದ ಸ್ವರಕ್ಕೆ ಹೋದಷ್ಟೂ ಬಾಯಿ ತೆರೆಯಬೇಕು, ಅಕ್ಷರ ಮಾತ್ರ ಮುಚ್ಚು ಎನ್ನುತ್ತದೆ. ಇದು ಅತ್ತೆ ಸೊಸೆ ಇಬ್ಬರೂ ಒಂದೇ ಹೊತ್ತಿಗೆ ಕೂಗಿ ಕರೆದಾಗ ಗಂಡಸು ಪಡುವ ಪಾಡು.

ಇಲ್ಲಿ ನನಗೊಂದು ವಿಚಾರ ಹೊಳೆಯಿತು. ಹೊಳೆದದ್ದಕ್ಕೆ ಕಾರಣ ತಬಲಾ ಹುಡುಗನ ಊರು. ಲಕ್ಷ್ಮೇಶ್ವರ ಎಂದರೆ ಹಿಂದಿನ ಪುಲಿಗೆರೆ. ಪಂಪ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡ ಎಂದು ಹೆಮ್ಮೆಯಿಂದ ಹೇಳಿಕೊಂಡ ಊರು. ಆ ‘ತಿರುಳ್’ ಎಂಬ ಶಬ್ದವನ್ನೇ ನೋಡಿ. ತುದಿಯಲ್ಲಿ ಸ್ವರವೇ ಇಲ್ಲ. ಕಣ್, ಪಾಲ್, ಪೊನ್, ಹಳೆಗನ್ನಡದ ಎಷ್ಟೋ ಮಾತುಗಳು ಹೀಗೆ ವ್ಯಂಜನಕ್ಕೇ ಮುಗಿಯುತ್ತಿದ್ದವು. ಮುಂದಿನ ಶತಮಾನಗಳಲ್ಲಿ ಅವುಗಳ ಬೆನ್ನಿಗೆ ಒಂದೊಂದು ‘ಉ’ ಬಂದು ಕೂತು ಕಣ್ಣು, ಹಾಲು, ಹೊನ್ನು ಆದವು. ಹೀಗೆ ತಡವಾಗಿ ಬಂದ ‘ಉ’ ಊಟಕ್ಕೆ ಕರೆಯದೆ ಬಂದ ಬೀಗನಂತೆ ಬಾಗಿಲಲ್ಲೇ ನಿಂತಿರುತ್ತದೆ. ಮಾತಿನಲ್ಲಿ ನಾವು ಅದನ್ನು ಅರ್ಧ ನುಂಗುತ್ತೇವೆ. ‘ಹಾಲ್ ಕಾಸಿದೆ’ ಎನ್ನುತ್ತೇವೆಯೇ ಹೊರತು ‘ಹಾಲೂ ಕಾಸಿದೆ’ ಎನ್ನುವುದಿಲ್ಲ. ಹಾಗೆಂದರೆ ನೀರೂ ಕಾಸಿದ್ದಾಯಿತು. ನುಂಗುವುದನ್ನು ಎಳೆಯಹೋದರೆ ಕಿವಿಗೆ ಸುಳ್ಳು ಅನಿಸುವುದು ಅದಕ್ಕೇ.

ಈ ಪಾಂಡಿತ್ಯವನ್ನೆಲ್ಲ ನಾನು ಹುಡುಗನ ಮುಂದೆ ಹದಿನೈದು ನಿಮಿಷ ಹೇಳಿದೆ. ಪುಲಿಗೆರೆಯ ಹುಡುಗ, ಕಣ್ಣರಳಿಸಿಯಾನು ಎಂದುಕೊಂಡಿದ್ದೆ. “ಹೌದೇನ್ರಿ” ಎಂದು ತಬಲಾದ ಗಟ್ಟಗಳನ್ನು ಸುತ್ತಿಗೆಯಿಂದ ಬಡಿಯತೊಡಗಿದ.

‘ಉ’ ಬೇಡವಾದರೆ ‘ಎ’ಗೆ ಮುಗಿಸೋಣ ಎಂದರೆ ನಮ್ಮ ಗದಗಿನ ನಾಲಿಗೆ ಇನ್ನೊಂದು ತೊಡಕು. ಮಳೆ ನಮಗೆ ಮಳಿ, ಮನೆ ಮನಿ, ಎಲೆ ಎಲಿ. ಇದ್ದಬದ್ದ ‘ಎ’ಯನ್ನೆಲ್ಲ ‘ಇ’ ಮಾಡಿ ಹಲ್ಲು ಕಿರಿಯುತ್ತೇವೆ. ‘ಇ’ಯನ್ನು ಎತ್ತರದಲ್ಲಿ ಎಳೆದರೆ ಬಾಗಿಲ ಕೀಲಿಗೆ ಎಣ್ಣೆ ಬಿಟ್ಟಿಲ್ಲವೇನೋ ಎಂಬಂತೆ ಕೇಳುತ್ತದೆ. ಉಳಿದದ್ದು ‘ಆ’ ಮತ್ತು ‘ಓ’. ಮಾಸ್ತರು ಹೇಳಿದರು, “ಭಜನಿ ಪದದಾಗ ತಮ್ಮಾ, ಅಣ್ಣಾ, ಬಾರೋ, ನೋಡೋ ಅಂತ ಯಾಕ ಕರೀತಾರ ತಿಳದೀರಿ? ತಮ್ಮ ಅಲ್ಲಿ ಇರೂದೇ ಇಲ್ಲರಿ. ಹಾಡಾವಗ ಬಾಯಿ ತಗೀಲಿಕ್ಕೆ ಒಂದ ಬಾಗಲಾ ಬೇಕು.” ನಾನು ಇಷ್ಟು ವರ್ಷ ಆ ‘ತಮ್ಮಾ’ಗಳನ್ನು ಸಾಲು ತುಂಬಿಸುವ ಹೊಟ್ಟು ಎಂದುಕೊಂಡಿದ್ದೆ. ವಚನಗಳ ಕೊನೆಗೆ ಬರುವ ಅಂಕಿತಗಳನ್ನು ಒಮ್ಮೆ ಬಾಯಲ್ಲಿ ಆಡಿಸಿ ನೋಡಿ, ಕೂಡಲಸಂಗಮದೇವಾ, ಚೆನ್ನಮಲ್ಲಿಕಾರ್ಜುನಾ. ಕರೆಯುವ ಮಾತು ಸಹಜವಾಗಿಯೇ ‘ಆ’ ಎಂದು ತೆರೆದುಕೊಳ್ಳುತ್ತದೆ. ಕರೆದರೆ ತಾನೇ ದನಿ ದೂರ ಹೋಗುವುದು?

ವಚನ ಎಂದಮೇಲೆ ಗದಗಿನಲ್ಲಿ ಕೂತು ಪುಣ್ಯಾಶ್ರಮದ ಕಡೆ ಒಂದು ಕೈ ಮುಗಿಯದೆ ಮುಂದೆ ಹೋಗಲಾಗದು. ಪಂಚಾಕ್ಷರಿ ಗವಾಯಿಗಳು, ಅವರ ಹಿಂದೆ ಪುಟ್ಟರಾಜ ಗವಾಯಿಗಳು ಸಾಕಿ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದ ಗಾಳಿಯಲ್ಲೇ ವಚನಗಾಯನ ಇದೆ. ಪಂಚಾಕ್ಷರಿ ಗವಾಯಿಗಳ ಶಿಷ್ಯ ಬಸವರಾಜ ರಾಜಗುರು ಅವರ ವಚನ ಕೇಳಿದವರಿಗೆ ಗೊತ್ತು. ವಚನಕ್ಕೆ ಸಮಸಾಲು ಇಲ್ಲ, ಪಲ್ಲವಿಯೂ ಇಲ್ಲ. ಹಾಡುವವರು ಅದರೊಳಗಿನ ಒಂದು ಸಾಲನ್ನು ಆರಿಸಿಕೊಂಡು, ಉಳಿದದ್ದನ್ನು ಹೇಳಿ ಹೇಳಿ ಮತ್ತೆ ಅದಕ್ಕೇ ಬರುತ್ತಾರೆ. ಆ ಸಾಲೇ ಪಲ್ಲವಿಯಾಗುತ್ತದೆ. ಸಂತೆಗೆ ಹೋದ ಎತ್ತು ಸಂಜೆಗೆ ಗೋದಲಿಗೆ ಬರುವಂತೆ. ನಮ್ಮ ಕಡೆ ಲಾವಣಿಯವರು ಇದಕ್ಕೆ ‘ಪಲ್ಲ’ ಎನ್ನುತ್ತಾರೆ.

ಹಾಗಾದರೆ ನನ್ನ ಕವಿತೆಯಲ್ಲಿ ಮತ್ತೆ ಮತ್ತೆ ಬರಲಿಕ್ಕೆ ಯೋಗ್ಯ ಸಾಲು ಯಾವುದು? ನನ್ನ ಮುದ್ದಿನ ಸಾಲು ಮೂರನೆಯದು. ‘ಅದು ಮಾತನಾಡದೆ ಮುಂಡರಗಿ ದಾಟಿತು.’ ಅದನ್ನೇ ಪಲ್ಲ ಮಾಡಿ ಎಂದೆ. ಮಾಸ್ತರು ಎರಡು ಸಲ ನುಡಿಸಿ ಕೈಬಿಟ್ಟರು. “ಸರ, ಒಮ್ಮೆ ದಾಟಿದ ಮ್ಯಾಲ ಮತ್ತ ಮತ್ತ ಹ್ಯಾಂಗ ದಾಟ್ತದ? ನಾಕ ಸಲ ಹಾಡಿದ್ರ ನಾಕ ಮೋಡ ಬೇಕಾಗ್ತಾವು.” ಮಾತು ಖರೆ. ನಡೆದುಹೋದ ಸಂಗತಿಯನ್ನು ಒಮ್ಮೆ ಹೇಳಬಹುದು. ಮತ್ತೆ ಮತ್ತೆ ಹೇಳಬಹುದಾದದ್ದು ಕೇಳಿಕೊಳ್ಳುವುದು, ಕರೆಯುವುದು, ಬೈಯುವುದು. ಬೇಕಾದರೆ ನಿಮ್ಮ ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ.

ಹೊತ್ತು ಏರಿತು. ಒಂದು ಸಾಲೂ ಹಾಡಾಗಲಿಲ್ಲ. ತಬಲಾ ಹುಡುಗ ಲಕ್ಷ್ಮೇಶ್ವರದ ಬಸ್ಸಿಗೆ ಹೊತ್ತಾಯಿತೆಂದು ಎದ್ದ. ಒಳಗಿಂದ ನನ್ನ ಹೆಂಡತಿ, ಒಗ್ಗರಣೆಯ ಸದ್ದಿನ ಮೇಲೆ ದನಿ ಎತ್ತಿ, “ನಿಂತು ಹೋಗೋ ತಮ್ಮಾ! ಗಿರಮಿಟ್ಟ ಕಲಸೇನಿ, ಚಾ ಇಟ್ಟೇನಿ” ಎಂದಳು.

ಮಾಸ್ತರ ಬೆರಳು ಪೆಟ್ಟಿಗೆಯ ಮೇಲೆ ತಾವೇ ಬಿದ್ದವು. “ನಿಂತು ಹೋಗೋ… ನಿಂತು ಹೋಗೋ…” ಎಂದು ಎರಡು ಸಲ ಗುನುಗಿ, ನನ್ನತ್ತ ನೋಡಿ, “ಮುಂದ ಹೇಳ್ರಿ ಸರ” ಎಂದರು. ನನ್ನ ಬಾಯಿಂದ “ಕರಿಯ ಮೋಡಾ” ಎಂದು ಬಂತು. ವಿಶೇಷಾಂಕಕ್ಕೆ ಮೂರು ತಿಂಗಳು ತಿದ್ದಿದವ ನಾನು, ಇದಕ್ಕೆ ಮೂರು ಸೆಕೆಂಡೂ ತಗೊಳ್ಳಲಿಲ್ಲ. ಗಿರಮಿಟ್ಟಿನ ವಾಸನೆಯ ಪ್ರಭಾವ ಇದ್ದೀತು.

ಹುಡುಗ ಮತ್ತೆ ಕೂತ. ‘ನಿಂತು’ ಮೂರು, ‘ಹೋಗೋ’ ನಾಲ್ಕು, ‘ಕರಿಯ’ ಮೂರು, ‘ಮೋಡಾ’ ನಾಲ್ಕು. “ಸರ, ಇದು ದೀಪಚಂದಿ!” ಎಂದು ಬಾರಿಸಿಯೇಬಿಟ್ಟ. ಹದಿನಾಲ್ಕು ಮಾತ್ರೆಯ ತಾಳ, ಒಡೆಯುವುದು ಮೂರು, ನಾಲ್ಕು, ಮೂರು, ನಾಲ್ಕು. ಧಾ ಧಿಂ, ಧಾ ಧಾ ತಿಂ, ತಾ ತಿಂ, ಧಾ ಧಾ ಧಿಂ. ಪ್ರತಿ ತುಂಡಿನ ಕೊನೆಗೆ ಒಂದು ಮಾತ್ರೆ ಮೌನ. ಅಕ್ಷರಗಳು ಅದರೊಳಗೆ, ಕಾಕಾ ಹೇಳಿದಂತೆ, ಹಣಿಗೆಯ ಹಲ್ಲಿಗೆ ಎಳೆ ಕೂತಂತೆ ಕೂತವು.

ಮೂರು-ನಾಲ್ಕು, ಮೂರು-ನಾಲ್ಕು. ಎಲ್ಲೋ ಕೇಳಿದಂತಿದೆಯಲ್ಲ ಎಂದು ನಾನು ಗೋಡೆಗೆ ಒರಗಿ ಯೋಚಿಸಿದೆ. ಬಿಚ್ಚಿ ನೋಡಿದರೆ ಅದು ಭಾಮಿನಿ! ನಮ್ಮ ಮನೆಯಿಂದ ಆಟೋ ಹಿಡಿದರೆ ಸಿಗುವ ವೀರನಾರಾಯಣನ ಗುಡಿಯಲ್ಲಿ, ಒದ್ದೆ ಬಟ್ಟೆಯಲ್ಲಿ ಕಂಬಕ್ಕೊರಗಿ ಕೂತು, ಬಟ್ಟೆ ಆರುವತನಕ ಕುಮಾರವ್ಯಾಸ ಭಾರತ ಹೇಳಿದ ಎಂಬ ಪ್ರತೀತಿ ಇದೆ. ಅವನ ಭಾಮಿನಿ ಷಟ್ಪದಿಯ ಚಿಕ್ಕ ಸಾಲು ಸರಿಯಾಗಿ ಮೂರು, ನಾಲ್ಕು, ಮೂರು, ನಾಲ್ಕು. ಗಮಕಿಗಳು ತಾಳವಿಲ್ಲದೆ ಹಾಡುವುದರಿಂದ ನನಗೆ ಇಷ್ಟು ದಿನ ಇದು ತಲೆಗೆ ಹೋಗಿರಲಿಲ್ಲ. ಗದಗಿನಲ್ಲಿ ಹುಟ್ಟಿ ಬೆಳೆದು ಭಾಮಿನಿಯನ್ನು ಗಿರಮಿಟ್ಟಿನ ದಾರಿಯಿಂದ ಮುಟ್ಟಿದ ಮೊದಲಿಗ ನಾನೇ ಇರಬೇಕು.

ಒಂದು ಆವರ್ತ ಸರಿಹೋಯಿತು ಎಂದು ಹಿಗ್ಗುವಷ್ಟರಲ್ಲಿ ಮಾಸ್ತರು ಕೆಮ್ಮಿದರು. ಹದಿನಾಲ್ಕಕ್ಕೆ ಹದಿನಾಲ್ಕೂ ಅಕ್ಷರ ತುಂಬಿದರೆ ಹಾಡುವವ ಉಸಿರು ಯಾವಾಗ ತಗೊಳ್ಳಬೇಕು? ಎರಡು ಸಲ ಹಾಡುವಷ್ಟರಲ್ಲಿ ಅವರ ಕುತ್ತಿಗೆಯ ನರ ಎದ್ದವು. ಇದಕ್ಕೂ ಉತ್ತರ ಕುಮಾರವ್ಯಾಸನ ಹತ್ತಿರವೇ ಇತ್ತು. ಭಾಮಿನಿಯ ಮೂರನೆಯ, ಆರನೆಯ ಸಾಲು ಉದ್ದ. ಮೂರು-ನಾಲ್ಕರ ಜೋಡಿ ಮೂರು ಸಲ, ಮೇಲೊಂದು ಗುರು, ಒಟ್ಟು 23 ಮಾತ್ರೆ. ಆ ಬಾಲದ ಗುರುವನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆನೇ ಹೊರತು ಅದು ಯಾಕಿದೆ ಎಂದು ಕೇಳಿರಲಿಲ್ಲ. ತಾಳಕ್ಕೆ ಕೂಡಿಸಿದಾಗ ತಿಳಿಯಿತು. ದೀಪಚಂದಿಯ ಎರಡು ಆವರ್ತಕ್ಕೆ 28. ಅದರಲ್ಲಿ 23 ಕಳೆದರೆ ಐದು ಮಾತ್ರೆ ಖಾಲಿ. ಕೊನೆಯ ಗುರುವನ್ನು ಬೇಕಾದಷ್ಟು ಎಳೆಯಬಹುದು, ಉಸಿರೂ ತಗೊಳ್ಳಬಹುದು.

ಕೂಡಲೆ ನಾನು ಬಾಲ ಕಟ್ಟಿದೆ: ‘ನಿಂತು ಹೋಗೋ ಕರಿಯ ಮೋಡಾ ನಮ್ಮ ಮನಿತನ ಬಾ’. ನಮ್ಮ ಮನೆಯ ತನಕ ಬಾ ಎಂದು. ಲೆಕ್ಕ ಸರಿ, 23. ಮಾಸ್ತರು ಹಾಡಿದರು. ಕಟ್ಟೆಯ ಮೇಲಿಂದ ಕಾಕಾ ಕೇಳಿದರು, “ಯಾವ ಮನಿತನ ರೀ ನಿಮ್ಮದು? ಮೋಡದ ಕೂಡ ಬೀಗತನ ಮಾಡಾವ್ರ ಏನು?” ಓದುವವನಿಗೆ ಮನೆತನವೋ ಮನೆತನಕವೋ ಎಂದು ತಿರುಗಿ ನೋಡಲಿಕ್ಕೆ ಪುರುಸೊತ್ತಿರುತ್ತದೆ. ಕೇಳುವವನಿಗೆ ಅಕ್ಷರ ಒಮ್ಮೆ ಮಾತ್ರ ಸಿಗುತ್ತದೆ. ಅದಕ್ಕೇ ‘ನಮ್ಮ ಕೇರಿಗೆ ಬಾ’ ಆಯಿತು. ಈಗ ಆ ‘ಬಾ’ ಬಂದು ಕೂತದ್ದೆಲ್ಲಿ ಗೊತ್ತೇ? ಎರಡನೆಯ ಆವರ್ತದ ಎಂಟನೆಯ ಮಾತ್ರೆಯ ಮೇಲೆ. ದೀಪಚಂದಿಯಲ್ಲಿ ಅದು ಖಾಲಿಯ ಜಾಗ. ಎಡಗೈಯ ಡಗ್ಗಾ ಸುಮ್ಮನಾಗಿ ತಬಲಾ ಬರೀ ‘ತಾ’ ಎನ್ನುವ ಹೊತ್ತಿನಲ್ಲಿ ದನಿಯೊಂದೇ ‘ಬಾ…’ ಎಂದು ಅಂಗಳದ ತುಂಬ ಬಾಯಿ ತೆರೆಯುತ್ತದೆ. ಮಾಸ್ತರು ಅಲ್ಲಿ ಕಣ್ಣು ಮುಚ್ಚಿದರು. ನಾನು ಮುಂಡರಗಿಯ ‘ತ್ತೂ’ ನೆನೆಸಿಕೊಂಡು ಬೆವರೊರೆಸಿಕೊಂಡೆ.

ಪಲ್ಲ ಸಿಕ್ಕಮೇಲೆ ನುಡಿ ಕಟ್ಟುವುದು ಅಷ್ಟು ಕಷ್ಟವಾಗಲಿಲ್ಲ. ಕಳಕೊಳ್ಳುವುದು ಕಷ್ಟವಾಯಿತು. ಮೊದಲು ಹೋದದ್ದು ಕಪ್ಪತಗುಡ್ಡ. ‘ಕಪ್ಪ’ ಎಂದು ಮೂರು ಮಾತ್ರೆ ತೆಗೆದರೆ ಮುಂದಿನ ನಾಲ್ಕಕ್ಕೆ ಉಳಿಯುವುದು ‘ತಗುಡ್ಡ’. ಲೆಕ್ಕಕ್ಕೆ ನಾಲ್ಕೇ. ಆದರೆ ಲಘುವಿನ ಬೆನ್ನಿಗೆ ಗುರು ಬಂದು, ಪೆಟ್ಟು ಬೀಳುವ ಜಾಗದಲ್ಲಿ ಪುಟ್ಟ ‘ತ’ ನಿಂತು ದೊಡ್ಡ ‘ಗುಡ್’ ಹಿಂದೆ ಬೀಳುತ್ತದೆ. ಹಾಡಿದರೆ ಹೊಸಲು ಎಡವಿದಂತೆ. ಛಂದಸ್ಸಿನವರು ಜಗಣ ಬೇಡ ಎಂದು ಯಾಕೆ ಹೇಳಿದರೆಂದು ನನಗೆ ತಿಳಿದದ್ದು ಅವತ್ತು, ಕಾಲ್ಬೆರಳಿನಲ್ಲಿ. ಅಷ್ಟು ದೊಡ್ಡ ಬೆಟ್ಟಸಾಲು ನನ್ನ ಹಾಡಿನಲ್ಲಿ ಬರಿಯ ‘ಗುಡ್ಡ’ವಾಗಿ ಉಳಿಯಿತು. ಆಮೇಲೆ ‘ನಮ್ಮ ಅಂಗಳ’ ಎಂದು ಬರೆದಿದ್ದೆ, ಏಳು ಮಾತ್ರೆ. ಮಾಸ್ತರ ಬಾಯಲ್ಲಿ ಅದು ತಾನೇ ‘ನಮ್ಮಂಗಳ’ ಎಂದು ಸಂಧಿಯಾಗಿ ಆರಕ್ಕಿಳಿಯಿತು. ಒಂದು ಮಾತ್ರೆ ಗುಟುಕು ನುಂಗಿ ತುಂಬಿಸಿದರು. ಸ್ವರಕ್ಕೆ ಸ್ವರ ತಾಗಿದಲ್ಲಿ ಕಾಗದದ ಲೆಕ್ಕ ನಂಬಬಾರದು. ಅದನ್ನೂ ಬದಲಿಸಿದೆವು. ಕಡೆಗೆ ನಿಂತದ್ದು ಇದು:

ಗುಡ್ಡ ಹತ್ತಿದ ನಿನಗ ಯಾಕೋ
ಕೆಳಗಿನಂಗಳ ಕಾಣಲಿಲ್ಲಾ
ಬಾಯಿ ತೆರೆದಾ ಕೊಡದ ಮುಂದಾ
ನಿಂತು ಹೋಗೋ ಕರಿಯ ಮೋಡಾ ನಮ್ಮ ಕೇರಿಗೆ ಬಾ

ಮೂರನೆಯ ಸಾಲು ತನ್ನಷ್ಟಕ್ಕೆ ಮುಗಿಯುವುದಿಲ್ಲ, ನೋಡಿ. ಕೊಡದ ಮುಂದೆ ಏನು? ನಿಂತು ಹೋಗೋ. ನುಡಿಯ ಕೊನೆ ಹೀಗೆ ಪಲ್ಲದ ಕೈ ಹಿಡಿದರೆ ಲಾವಣಿಯವರು ಅದನ್ನು ಕೂಡುಪಲ್ಲ ಎನ್ನುತ್ತಾರೆ. ಹೀಗೆ ಕೈ ಹಿಡಿಯದಿದ್ದರೆ ಪಲ್ಲ ಪ್ರತಿ ಸಲವೂ ಕರೆಯದೆ ಬಂದಂತೆ ಬರುತ್ತದೆ.

ನಾಟಕದ ಕಂಪನಿಗಳ ಕಾಲದಲ್ಲಿ ಕೆಲಸ ತಿರುವುಮುರುವಾಗಿತ್ತು. 1870ರ ದಶಕದಲ್ಲೇ ಸಕ್ಕರಿ ಬಾಳಾಚಾರ್ಯರು, ಎಂದರೆ ಶಾಂತಕವಿಗಳು, ಗದಗಿನಲ್ಲಿ ಮರಾಠಿ ನಾಟಕಗಳಿಗೆ ಎದುರಾಗಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ಕಂಪನಿಗಳ ಹಾಡಿನ ಪುಸ್ತಕಗಳಲ್ಲಿ ಪದದ ತಲೆಯ ಮೇಲೆ ‘ಇಂಥ ಹಾಡಿನ ಮಟ್ಟು’ ಎಂದು ಅಚ್ಚಾಗಿರುತ್ತಿತ್ತು. ಜನರ ಕಿವಿಯಲ್ಲಿ ಮಟ್ಟು ಮೊದಲೇ ಇರುತ್ತಿತ್ತು, ಕವಿ ಅದಕ್ಕೆ ಅಳತೆ ನೋಡಿ ಮಾತು ಹೊಲಿಯುತ್ತಿದ್ದ. ನಾನೋ, ಅಂಗಿ ಹೊಲಿದು ತಂದು ಮಾಸ್ತರ ಮುಂದಿಟ್ಟು, ಇದಕ್ಕೊಂದು ಮೈ ಮಾಡಿಕೊಡಿ ಎಂದವ.

ಆ ಮುದ್ದಿನ ಮೂರನೆಯ ಸಾಲು ಎಲ್ಲಿಯೂ ಹಿಡಿಸಲಿಲ್ಲ. ‘ಮಾತನಾಡದೆ’ ಎಂಬುದನ್ನಾದರೂ ಉಳಿಸಲಿಕ್ಕೆ ಎರಡನೆಯ ನುಡಿಯಲ್ಲಿ ಬಹಳ ಹೆಣಗಿದೆ. ‘ಮಾತ’ ಮೂರು, ‘ನಾಡದೆ’ ನಾಲ್ಕು, ಲೆಕ್ಕಕ್ಕೆ ಅಂದವಾಗಿ ಕೂತಿತು. ಹಾಡಿದಾಗ ತುಂಡು ಬಿದ್ದಲ್ಲಿ ‘ನಾಡದೆ’ ಬೇರೆಯಾಗಿ ನಿಂತು, ಕಾಕಾ “ಯಾವ ನಾಡ ರೀ?” ಎಂದರು. ಬಿಟ್ಟೆ. ಅದು ಮಾತನಾಡದೆ ವಿಶೇಷಾಂಕದಲ್ಲೇ ಉಳಿದಿದೆ. ಓದಬೇಕೆನಿಸಿದವರು ನಮ್ಮ ಮನೆಗೆ ಬಂದರೆ ತೋರಿಸುತ್ತೇನೆ, ಹದಿನೆಂಟು ಪ್ರತಿ ಇವೆ.

ಮೊನ್ನೆ ಸಂಜೆ ಕಟ್ಟೆಯ ಮೇಲೆ ಕೂತಿದ್ದೆ. ಕೇರಿಯ ತುದಿಗೆ ನೀರಿನ ಟ್ಯಾಂಕರು ಬಂದು, ಪಕ್ಕದ ಓಣಿಗೆ ತಿರುಗಿತು. ಕೊಡ ಹಿಡಿದ ಹುಡುಗರ ದಂಡು ಅದರ ಹಿಂದೆ ಓಡುತ್ತ ಒಂದೇ ಗಂಟಲಲ್ಲಿ ಹಾಡಿತು:

ನಿಂತು ಹೋಗೋ ನೀರ ಗಾಡೀ ನಮ್ಮ ಕೇರಿಗೆ ಬಾ

ನನಗರಿವಿಲ್ಲದೆ ಬೆರಳು ಮಡಚಿದೆ. ‘ನೀರ’ ಮೂರು, ‘ಗಾಡೀ’ ನಾಲ್ಕು. 23ಕ್ಕೆ 23. ‘ಗಾಡೀ’ಯಲ್ಲಿ ‘ಈ’ ಸ್ವಲ್ಪ ಹಲ್ಲು ಕಿರಿಯುತ್ತದೆ, ಮಾಸ್ತರು ಒಪ್ಪಲಿಕ್ಕಿಲ್ಲ. ಟ್ಯಾಂಕರಿನವ ಮಾತ್ರ ನಿಲ್ಲಿಸಿದ.